ಊಟ ಆದ ಮೇಲಿನ ಮಾರಿ: ಓಣಿಯ ಪಾರ್ಲರ್‌ಗೆ ಮದುಮಗಳ ಮೇಕಪ್ ರೀಲ್ ಬರೆಯುವ ಬಗೆ

ವಿಜಯಪುರದ ಜಲನಗರದಲ್ಲಿ ಒಂದು ಸಣ್ಣ ಪಾರ್ಲರ್. ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ಬಾಗಿಲಿಗೆ ಹಸಿರು ಪರದೆ. ಅದನ್ನು ನಡೆಸುವ ಅಕ್ಕಾರು ಏಪ್ರಿಲ್ ಮೊದಲ ವಾರ ಫೋನ್ ಮಾಡಿ, "ಮದುವಿ ಸೀಜನ್ ಬಂತ್ರಿ, ಬ್ರೈಡಲ್ ಪ್ಯಾಕೇಜಿಂದು ಒಂದು ರೀಲ್ ಬರದು ಕೊಡ್ರಿ" ಅಂದರು. ಹಿಂದೆಯೇ ಮಾದರಿಗೆಂದು ಮೂರು ರೀಲ್ ಕಳಿಸಿದರು. ಮೂರರಲ್ಲೂ ಅದೇ ಆಟ: ಮಬ್ಬು ಬೆಳಕಲ್ಲಿ ಸಪ್ಪೆ ಮುಖ, ಕ್ಯಾಮೆರಾಕ್ಕೆ ಅಡ್ಡ ಬರುವ ಒಂದು ಕೈ, ಕೈ ಸರಿದ ಕೂಡಲೇ ಟ್ಯೂಬ್‌ಲೈಟಿನಂತೆ ಹೊಳೆಯುವ ಮುಖ.

ನಾನು ಕೇಳಿದೆ: "ಅಕ್ಕಾರ, ಇದರಾಗ ಊಟ ಆದ ಮ್ಯಾಲಿನ ಮಾರಿ ಎಲ್ಲೈತ್ರಿ?"

ಅವರು ನಕ್ಕರು. "ಅದನ್ನ ಯಾರು ತೋರಸ್ತಾರ?"

ಯಾರೂ ತೋರಿಸುವುದಿಲ್ಲ. ಆದರೆ ಮದುಮಗಳ ತಾಯಿ ಪಾರ್ಲರ್‌ಗೆ ಬಂದಾಗ ಮೊದಲು ಕೇಳುವುದೇ ಅದನ್ನು. ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಅಕ್ಕಿಕಾಳು ಬೀಳುವಾಗ ಮಂಗಲ ಕಾರ್ಯಾಲಯದಲ್ಲಿ ಐನೂರು ಜನ, ತಲೆಗೆ ದಂಡಿ, ಹಣೆಗೆ ಬಾಸಿಂಗ. ಇಂಥದ್ದರಲ್ಲಿ ಮೇಕಪ್ ನಿಲ್ಲುತ್ತದೋ ಇಲ್ಲವೋ ಅನ್ನುವುದೇ ಅವರ ಚಿಂತೆ. ಹಾಗಾಗಿ ಈ ರೀಲ್ ಕನ್ನಡಿಯ ಮುಂದೆ ಮುಗಿಯಬಾರದು, ಊಟದ ಪಂಕ್ತಿ ಎದ್ದ ಮೇಲೆ ಮುಗಿಯಬೇಕು ಎಂದು ನಿಶ್ಚಯಿಸಿದೆ. ಅದನ್ನು ಹೇಗೆ ಬರೆದೆ, ಎಲ್ಲಿ ಎಡವಿದೆ ಎಂಬುದನ್ನು ಕೆಳಗೆ ಬರೆದಿದ್ದೇನೆ.

1. ಮೊದಲು ಪ್ಯಾಕೇಜ್ ಬರೆಯಿರಿ, ಆಮೇಲೆ ಸ್ಕ್ರಿಪ್ಟ್

ಓಣಿಯ ಪಾರ್ಲರ್‌ಗಳಲ್ಲಿ ಪ್ಯಾಕೇಜ್ ಅನ್ನುವುದು ಬಹಳ ಸಲ ಅಕ್ಕಾರ ತಲೆಯಲ್ಲಿರುತ್ತದೆ, ಕಾಗದದಲ್ಲಿ ಇರುವುದಿಲ್ಲ. ಒಬ್ಬರಿಗೆ ಸೀರೆ ಉಡಿಸುವುದು ಸೇರಿರುತ್ತದೆ, ಇನ್ನೊಬ್ಬರಿಗೆ ಸೇರಿರುವುದಿಲ್ಲ. ಹೀಗಿರುವಾಗ ರೀಲ್ ಮಾಡಿದರೆ ನೋಡಿದವರೆಲ್ಲ ತಮಗೆ ಬೇಕಾದಂತೆ ಅರ್ಥ ಮಾಡಿಕೊಳ್ಳುತ್ತಾರೆ, ಜಗಳ ಮದುವೆಯ ದಿನ ಬರುತ್ತದೆ.

ನಾವು ಒಂದು ಹಾಳೆಯ ನಡುವೆ ಗೆರೆ ಎಳೆದೆವು. ಎಡಗಡೆ ಒಂಬತ್ತು ಸಾವಿರದಲ್ಲಿ ಬರುವುದು: ಅಕ್ಕಿಕಾಳಿನ ಮೇಕಪ್, ಜಡೆ, ಸೀರೆ ಉಡಿಸುವುದು, ಮದುವೆಗೆ ಮೊದಲು ಒಂದು ಟ್ರಯಲ್. ಬಲಗಡೆ ಬರದೇ ಇರುವುದು: ಹೂವು ಮತ್ತು ದಂಡಿ (ಅದನ್ನು ಮನೆಯವರೇ ತರುತ್ತಾರೆ, ಕೂರಿಸುವುದಷ್ಟೇ ಇವರ ಕೆಲಸ), ರಿಸೆಪ್ಷನ್ನಿಗೆ ಎರಡನೇ ಮೇಕಪ್, ಊರ ಹೊರಗಿನ ಗಾಡಿ ಖರ್ಚು. ಬರೆಯುತ್ತ ಹೋದಾಗ ಅಕ್ಕಾರಿಗೇ ಹೊಳೆಯದ ಪ್ರಶ್ನೆಯೊಂದು ಎದ್ದಿತು: ಮೇಕಪ್ ಮಾಡಿದವರು ಅಲ್ಲಿ ಎಷ್ಟು ಹೊತ್ತು ಇರುತ್ತಾರೆ? ಒಂದೇ ದಿನ ಎರಡು ಮದುವೆ ಹಿಡಿದಿದ್ದರೆ ಇವರು ಅಕ್ಕಿಕಾಳಿಗೆ ಮೊದಲೇ ಹೊರಡುತ್ತಾರೆ. ಆಮೇಲೆ ಬೆವರು ಬಂದರೆ ಒರೆಸುವವರು ಯಾರು? ಕೊನೆಗೆ ಒಂದು ಸಣ್ಣ ಪೌಚ್ ಕೊಡುವುದೆಂದಾಯಿತು. ಅದರಲ್ಲಿ ಟಿಶ್ಯೂ, ಅದೇ ಲಿಪ್‌ಸ್ಟಿಕ್ ಚೂರು ತುಂಬಿದ ಪುಟ್ಟ ಡಬ್ಬಿ, ನಾಲ್ಕು ಯು-ಪಿನ್, ಎರಡು ಸೇಫ್ಟಿ ಪಿನ್. ಖರ್ಚು ಹೆಚ್ಚಿಲ್ಲ, ಆದರೆ ರೀಲಿನ ಅತಿ ಮುಖ್ಯ ಶಾಟ್ ಹುಟ್ಟಿದ್ದು ಈ ಪೌಚಿನಿಂದ.

2. ಮದುಮಗಳನ್ನು ಆರಿಸುವುದು, ಒಪ್ಪಿಗೆ ಪಡೆಯುವುದು

ನಯವಾದ ಚರ್ಮದ, ಕ್ಯಾಮೆರಾ ರೂಢಿಯಿರುವ ಹುಡುಗಿಯನ್ನೇ ಹುಡುಕಬೇಡಿ. ಅಂಥವಳ ಮುಖದ ಮೇಲೆ ಪಾರ್ಲರ್ ಏನು ಮಾಡಿತು ಎಂಬುದೇ ಕಾಣುವುದಿಲ್ಲ. ನಾವು ಆರಿಸಿದ ಮದುಮಗಳು ಸಾದಗಪ್ಪು. ಕಣ್ಣಿನ ಕೆಳಗೆ ಕಪ್ಪು, ಗಲ್ಲದ ಮೇಲೆ ಎರಡು ಹಳೆಯ ಮೊಡವೆ ಕಲೆ. ಪಾರ್ಲರ್‌ಗೆ ಬರುವ ಹತ್ತರಲ್ಲಿ ಏಳು ಮುಖ ಹೀಗೇ ಇರುತ್ತವೆ ಎಂದರು ಅಕ್ಕಾರು.

ಒಪ್ಪಿಗೆಯ ವಿಷಯದಲ್ಲಿ ನಾನು ಒಮ್ಮೆ ಬುದ್ಧಿ ಕಲಿತಿದ್ದೇನೆ. ಹಿಂದೆ ಬೇರೆ ಊರಿನ ಒಂದು ಮದುವೆಯಲ್ಲಿ ಮದುಮಗಳ ಬಾಯಿಮಾತಿನ "ಹೂಂ" ನಂಬಿ ಮೇಕಪ್ ಇಲ್ಲದ ಮುಖದ ಶಾಟ್ ಹಾಕಿದ್ದೆ. ಮೂರನೇ ದಿನ ಆಕೆಯ ಅತ್ತೆಮನೆಯಿಂದ ಫೋನ್ ಬಂತು. ಅವರ ಮಾತಲ್ಲಿ ತಪ್ಪಿರಲಿಲ್ಲ. ರೀಲ್ ತೆಗೆದೆ, ಆದರೆ ಅಷ್ಟರಲ್ಲಿ ಯಾರೋ ಉಳಿಸಿಕೊಂಡು ಮನೆಯ ಗುಂಪಿಗೆ ಹಾಕಿಯಾಗಿತ್ತು. ಈಗ ಒಂದು ಪುಟದ ಕನ್ನಡ ಒಪ್ಪಿಗೆ ಪತ್ರ ಇಟ್ಟುಕೊಂಡಿದ್ದೇನೆ. ಮೇಕಪ್ ಇಲ್ಲದ ಮುಖ ತೋರಿಸಬಹುದೇ, ಹೆಸರು ಹಾಕಬಹುದೇ, ಎಲ್ಲೆಲ್ಲಿ ಹಾಕುತ್ತೇವೆ, ಬೇಡವೆಂದರೆ ಎಷ್ಟು ದಿನದಲ್ಲಿ ತೆಗೆಯುತ್ತೇವೆ. ಪ್ರತಿಯೊಂದಕ್ಕೂ ಬೇರೆ ಬೇರೆ ಹೌದು, ಇಲ್ಲ. ಸಹಿ ಮದುವೆಯ ದಿನದ ಗಡಿಬಿಡಿಯಲ್ಲಿ ಬೇಡ, ಟ್ರಯಲ್ ದಿನವೇ ಆಗಲಿ. ಎಡಿಟ್ ಮುಗಿದ ಮೇಲೆ ಹಾಕುವ ಮೊದಲು ಇನ್ನೊಮ್ಮೆ ಆಕೆಗೆ ತೋರಿಸಿ. ಪ್ಯಾಕೇಜಿನಲ್ಲಿ ರಿಯಾಯಿತಿ ಕೊಟ್ಟು ಚಿತ್ರೀಕರಿಸಿದ್ದರೆ ಅದನ್ನೂ ಕ್ಯಾಪ್ಶನ್ನಿನಲ್ಲಿ ಹೇಳಿಬಿಡಿ.

3. ಬೆಳಕೇ ಸುಳ್ಳು ಹೇಳುತ್ತದೆ

ಆ ಮೂರು ಮಾದರಿ ರೀಲುಗಳಲ್ಲಿ ಅರ್ಧ ಬದಲಾವಣೆ ಮೇಕಪ್ಪಿನದಲ್ಲ, ಬೆಳಕಿನದು. ಮೊದಲಿನ ಮುಖವನ್ನು ಮೇಲಿನ ಬಲ್ಬಿನ ಕೆಳಗೆ ತೆಗೆದರೆ ಕಣ್ಣಿನ ಕುಳಿ, ಮೂಗಿನ ನೆರಳು ಎಲ್ಲ ಎದ್ದು ಕಾಣುತ್ತದೆ. ಅದೇ ಮುಖವನ್ನು ರಿಂಗ್‌ಲೈಟಿನ ಮುಂದೆ ತಂದರೆ ಮೇಕಪ್ ಇಲ್ಲದೆಯೂ ಕಪ್ಪು ಅರ್ಧಕ್ಕೆ ಇಳಿಯುತ್ತದೆ. ಬೇಕಾದರೆ ನಿಮ್ಮ ಮುಖದ ಮೇಲೆ ಒಮ್ಮೆ ಮಾಡಿ ನೋಡಿ, ಎರಡು ನಿಮಿಷದ ಕೆಲಸ.

ಆದ್ದರಿಂದ ಸ್ಕ್ರಿಪ್ಟಿನ ತಲೆಯ ಮೇಲೆಯೇ ಬರೆದೆ: ಎಲ್ಲ ಮುಖದ ಶಾಟ್ ಕಿಟಕಿಯ ಬೆಳಕಲ್ಲಿ, ನೇರ ಬಿಸಿಲು ಬೀಳದ ಕಡೆ, ಮುಖ ಕಿಟಕಿಗೆ ಎದುರು, ಫೋನ್ ಒಂದು ಮಾರು ದೂರ, ಹಿಂಬದಿಯ ಕ್ಯಾಮೆರಾ. ಮುಂಬದಿಯ ಸೆಲ್ಫಿ ಕ್ಯಾಮೆರಾದಲ್ಲಿ ಹಲವು ಫೋನುಗಳು ಕೇಳದೆಯೇ ಚರ್ಮವನ್ನು ನಯ ಮಾಡುತ್ತವೆ. ಸೆಟ್ಟಿಂಗ್‌ನಲ್ಲಿ ಬ್ಯೂಟಿ ಮೋಡ್ ಸೊನ್ನೆಯಾಗಿದೆಯೇ ನೋಡಿಕೊಳ್ಳಿ. ಆಮೇಲೆ ಕ್ಲಿಪ್ಪನ್ನು ದೊಡ್ಡದು ಮಾಡಿ ಹುಬ್ಬಿನ ಅಂಚು, ಕೆನ್ನೆಯ ಸಣ್ಣ ರೋಮ ಕಾಣುತ್ತದೆಯೇ ಪರೀಕ್ಷಿಸಿ. ಕಾಣದಿದ್ದರೆ ಎಲ್ಲೋ ಫಿಲ್ಟರ್ ಕೂತಿದೆ. ಮುಖದ ಮುಂದೆ ಕೈ ಹಾದುಹೋಗುವಾಗ ಗಲ್ಲದ ಅಂಚು ನೀರಿನಂತೆ ಅಲುಗಿದರೂ ಅದೇ ಕಾರಣ. ಪರದೆಯ ಮೇಲೆ ಕೆನ್ನೆಯ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದರೆ ಫೋಕಸ್, ಬೆಳಕು ಎರಡೂ ಕಟ್ಟಿಹೋಗುತ್ತವೆ. ಇಲ್ಲದಿದ್ದರೆ ಬಿಳಿ ಟವಲ್ ಒಳಗೆ ಬಂದಾಗ ಮುಖ ಕಪ್ಪಾಗುತ್ತದೆ, ಕಪ್ಪು ಜಡೆ ಬಂದಾಗ ಮುಖ ಬೆಳ್ಳಗಾಗುತ್ತದೆ.

ಬಣ್ಣ ಒಂದೇ ಇದೆಯೋ ಇಲ್ಲವೋ ತಿಳಿಯಲು ಅಗ್ಗದ ಉಪಾಯ: ಪ್ರತಿ ಶಾಟಿನ ಆರಂಭದಲ್ಲಿ ಗಲ್ಲದ ಪಕ್ಕ ಒಂದು ಬಿಳಿ ಕಾಗದ ಎರಡು ಸೆಕೆಂಡ್ ಹಿಡಿಯಿರಿ. ಎಡಿಟ್ ಮಾಡುವಾಗ ಆ ಭಾಗ ಕತ್ತರಿಸಿ. ಒಂದು ಶಾಟಿನಲ್ಲಿ ಕಾಗದ ಹಳದಿ, ಇನ್ನೊಂದರಲ್ಲಿ ಬಿಳಿ ಕಂಡರೆ ಆ ಎರಡನ್ನು ಅಕ್ಕಪಕ್ಕ ಇಡಬಾರದು.

ಇದು ಗೊತ್ತಿದ್ದೂ ನಾನು ಎಡವಿದೆ. ಕಾರ್ಯಾಲಯದಲ್ಲಿ ಮಧ್ಯಾಹ್ನದ ಶಾಟನ್ನು ಪೆಂಡಾಲಿನ ಕೆಳಗೆ ತೆಗೆದೆ. ಮೇಲೆ ಕಟ್ಟಿದ್ದ ಕೆಂಪು ಬಟ್ಟೆಯ ಬಣ್ಣ ಇಳಿದು ಮುಖ, ಕಾಗದ ಎಲ್ಲ ಗುಲಾಬಿ. ಮದುಮಗಳನ್ನು ಮತ್ತೆ ಎಬ್ಬಿಸಿ ಕೈತೊಳೆಯುವ ಜಾಗದ ಪಕ್ಕದ ಕಿಟಕಿಗೆ ಕರೆದೊಯ್ಯಬೇಕಾಯಿತು. ಪಾಪ, ಆಕೆ ಬೈಯಲಿಲ್ಲ.

4. ಮಾತು ಕಳೆಯುವುದು

ಅಕ್ಕಾರು ಕೊಟ್ಟ ಮೊದಲ ಸಾಲುಗಳು ಹೀಗಿದ್ದವು: "100% ವಾಟರ್‌ಪ್ರೂಫ್, 24 ತಾಸು ಗ್ಯಾರಂಟಿ, ಎಚ್‌ಡಿ ಮೇಕಪ್, ಹಾಲಿನಂಥ ಬಣ್ಣ." ಒಂದೊಂದನ್ನೂ ಹಿಡಿದು, ಇದನ್ನು ಯಾವ ಮುಖದ ಮೇಲೆ, ಎಷ್ಟು ಹೊತ್ತು ನೋಡಿದ್ದೀರಿ ಎಂದು ಕೇಳಿದೆ.

ವಾಟರ್‌ಪ್ರೂಫ್ ಎಂದು ಡಬ್ಬಿಯ ಮೇಲೆ ಬರೆದಿರುವುದು ಕಾಡಿಗೆಯದೋ ಮಸ್ಕರಾದೋ ಒಂದು ವಸ್ತುವಿನ ಗುಣ. ಇಡೀ ಮುಖಕ್ಕೆ ಅದು ಬರುವುದಿಲ್ಲ. ಮುಖ ಕೆಡುವುದು ಹೊರಗಿನ ನೀರಿಗಿಂತ ಒಳಗಿನ ಬೆವರು ಮತ್ತು ಎಣ್ಣೆಯಿಂದ. 24 ತಾಸು ಯಾರೂ ನೋಡಿಲ್ಲ, ರಾತ್ರಿ ಮುಖ ತೊಳೆದು ಮಲಗಬೇಕು. ಎಚ್‌ಡಿ ಅನ್ನುವುದಕ್ಕೆ ಒಂದೇ ಅಳತೆಯಿಲ್ಲ. ಹತ್ತಿರದ ಕ್ಯಾಮೆರಾಕ್ಕೆ ಪದರ ಕಾಣದಂತೆ ತೆಳ್ಳಗೆ ಹಚ್ಚುವ ರೀತಿಗೆ ಬಂದ ಹೆಸರು ಅದು, ಈಗ ಪ್ರತಿಯೊಬ್ಬರೂ ತಮ್ಮ ದರಪಟ್ಟಿಗೆ ಬರೆದುಕೊಳ್ಳುತ್ತಾರೆ. ಆ ಪದದ ಬದಲು ಮಾಡಿದ್ದನ್ನೇ ಹೇಳಿದರಾಯಿತು.

ಹಾಲಿನಂಥ ಬಣ್ಣದ ಬಗ್ಗೆ ನನಗೆ ಬೇರೆ ಸಿಟ್ಟಿದೆ. ಸಾದಗಪ್ಪು ಮುಖಕ್ಕೆ ಎರಡು ಶೇಡ್ ತಿಳಿ ಫೌಂಡೇಶನ್ ಹಚ್ಚಿದರೆ ಅದು ಬೆಳ್ಳಗಾಗುವುದಿಲ್ಲ, ಬೂದಿ ಬಳಿದಂತೆ ಆಗುತ್ತದೆ. ಕುತ್ತಿಗೆ, ಕೈ ಬೇರೆ ಬಣ್ಣ ಉಳಿಯುತ್ತವೆ. ಸಿಲಿಕಾ ಹೆಚ್ಚಿರುವ ಪೌಡರ್ ದಪ್ಪಗೆ ಹಾಕಿದ್ದರಂತೂ ಫೋಟೊಗ್ರಾಫರನ ಫ್ಲ್ಯಾಶ್ ಬಿದ್ದಾಗ ಕಣ್ಣ ಕೆಳಗೆ ಬಿಳಿ ಮಚ್ಚೆ ಏಳುತ್ತದೆ. ಮೇಕಪ್ ಮುಗಿದ ಮೇಲೆ ಕೋಣೆಯ ದೀಪ ಆರಿಸಿ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆದರೆ ಅಲ್ಲೇ ಗೊತ್ತಾಗುತ್ತದೆ.

ಕಾನೂನೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಪ್ರಾಧಿಕಾರ ಹತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಜಲನಗರದ ಪಾರ್ಲರ್‌ವರೆಗೆ ಅವರು ಬರುತ್ತಾರೆಂದು ಹೆದರಿಸಲು ಇದನ್ನು ಹೇಳುತ್ತಿಲ್ಲ. ಅದೇ ಪ್ರಾಧಿಕಾರ ಜಾಹೀರಾತುಗಳಿಗೆಂದು ಹೊರಡಿಸಿದ 2022ರ ಮಾರ್ಗಸೂಚಿಯಲ್ಲಿ ಸ್ಕ್ರಿಪ್ಟ್ ಬರೆಯುವವರಿಗೆ ಉಪಯೋಗವಾಗುವ ಎರಡು ಮಾತಿವೆ: ಷರತ್ತು ಮುಖ್ಯ ಮಾತಿಗೆ ವಿರುದ್ಧವಾಗಿರಬಾರದು, ಮತ್ತು ಮುಖ್ಯ ಮಾತು ಇರುವ ಭಾಷೆಯಲ್ಲೇ ಇರಬೇಕು. ಕನ್ನಡದಲ್ಲಿ ದೊಡ್ಡದಾಗಿ ಗ್ಯಾರಂಟಿ ಎಂದು ಕೂಗಿ, ಕೆಳಗೆ ಇಂಗ್ಲಿಷಿನಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಷರತ್ತು ಹಾಕುವುದು ನಡೆಯದು.

ಕಳೆದ ಮಾತಿನ ಜಾಗಕ್ಕೆ ನಾನು ಗಡಿಯಾರ ಇಟ್ಟೆ. ಎಷ್ಟು ಹೊತ್ತಿಗೆ ತೆಗೆದದ್ದು ಎಂಬುದನ್ನು ಪ್ರತಿ ಮುಖದ ಶಾಟಿನ ಮೇಲೆ ಬರೆದರೆ ಸಾಕು, ಗ್ಯಾರಂಟಿ ಬೇಕಾಗುವುದಿಲ್ಲ.

5. ಸ್ಕ್ರಿಪ್ಟ್

45 ಸೆಕೆಂಡಿಗೆ ಕನ್ನಡದಲ್ಲಿ ಎಂಬತ್ತು ಪದದೊಳಗೆ ಇರಬೇಕು, ಅದಕ್ಕಿಂತ ಹೆಚ್ಚಾದರೆ ಓದುವವರು ಓಡಬೇಕಾಗುತ್ತದೆ. ದನಿ ಅಕ್ಕಾರದೇ. ಅವರು ಮಾತಾಡುವ ಹಾಗೇ ಬರೆದೆ: ಮುಖ ಅಲ್ಲ ಮಾರಿ, ಗಂಟೆ ಅಲ್ಲ ತಾಸು.

0–4 ಸೆಕೆಂಡ್. ಮದುಮಗಳ ಮುಖ ಹತ್ತಿರದಿಂದ, ಮೂಗಿನ ಮೇಲೆ ಹೊಳಪು. ಪರದೆಯ ಮೇಲೆ: ಮಧ್ಯಾಹ್ನ 3:40.
"ಇದು ಮಧ್ಯಾಹ್ನ ಮೂರು ನಲವತ್ತರ ಮಾರಿ. ಊಟ ಆಗೈತಿ."

4–9. ಮನೆಯ ಕಿಟಕಿ, ಮೇಕಪ್ ಇಲ್ಲ. ಪರದೆಯ ಮೇಲೆ: ಮುಂಜಾನೆ 8:30.
"ಇದು ಮುಂಜಾನಿ ಎಂಟೂವರಿ. ಹಿಂದಿನ ದಿನದ ಅರಿಶಿಣ ಕುತಿಗ್ಯಾಗ ಇನ್ನೂ ಐತಿ."

9–19. ಬೆರಳ ತುದಿಯಲ್ಲಿ ಕರೆಕ್ಟರ್ ತಟ್ಟುವುದು. ದವಡೆಯ ಮೇಲೆ ಫೌಂಡೇಶನ್ನಿನ ಮೂರು ಗೆರೆ, ಒಂದು ಚರ್ಮದಲ್ಲಿ ಕಾಣದಾಗುವುದು.
"ಕಣ್ಣ ಕೆಳಗ ಕಪ್ಪಿತ್ತು, ಕಿತ್ತಳಿ ಕರೆಕ್ಟರ್ ತೆಳ್ಳಗ ಹಚ್ಚೇವಿ. ಫೌಂಡೇಶನ್ ಕುತಿಗಿಗೆ ನೋಡಿ ಆರಿಸೇವಿ. ಬಣ್ಣ ಅವರದೇ, ಬದಲ್ ಮಾಡಿಲ್ಲ."

19–24. ಜಡೆ, ದಂಡಿ ಕೂರಿಸುವ ಕೈ, ಇಳಕಲ್ ಸೀರೆಯ ನಿರಿಗೆ. ಹಿಂದೆ ಗೋಡೆ ಗಡಿಯಾರ.
"ಜಡಿ, ದಂಡಿ, ಸೀರಿ ಸೇರಿ ಎರಡು ತಾಸು ಇಪ್ಪತ್ತು ನಿಮಿಷ."

24–28. ಅದೇ ಕಿಟಕಿ, ತಯಾರಾದ ಮುಖ. ಪರದೆಯ ಮೇಲೆ: 10:50. ಮಾತಿಲ್ಲ, ಬಳೆ ಸದ್ದು ಮಾತ್ರ.

28–37. ಮತ್ತೆ 3:40. ತಂಗಿ ಟಿಶ್ಯೂ ಒತ್ತುತ್ತಾಳೆ, ತುಟಿಗೆ ಬಣ್ಣ ಹಚ್ಚುತ್ತಾಳೆ.
"ಐದು ತಾಸಿಗೆ ಹತ್ತು ನಿಮಿಷ ಕಮ್ಮಿ. ಮೂಗು ಹೊಳ್ಯಾಕತ್ತೈತಿ, ತುಟಿ ನಡುವ ಬಣ್ಣ ಹೋಗೈತಿ. ನಾವು ಕೊಟ್ಟ ಪೌಚಿಲೆ ಅವರ ತಂಗಿ ಸರಿ ಮಾಡ್ಯಾಳ."

37–45. ಪ್ಯಾಕೇಜ್ ಹಾಳೆ, ಎರಡು ಕಾಲಂ.
"ಒಂಬತ್ತು ಸಾವಿರ. ಮೇಕಪ್, ಜಡಿ, ಸೀರಿ ಉಡಿಸೂದು, ಒಂದು ಟ್ರಯಲ್ ಇದರಾಗ. ಹೂವು, ರಿಸೆಪ್ಷನ್ ಮೇಕಪ್, ಊರ ಹೊರಗಿನ ಗಾಡಿ ಖರ್ಚು ಬ್ಯಾರೆ."

ಎರಡು ಕಡೆ ವಿವರಣೆ ಬೇಕು. ಅರಿಶಿಣದ ಮಾತು ಸುಮ್ಮನೆ ಬಂದದ್ದಲ್ಲ. ಸುರಗಿ ನೀರಾದ ಮೇಲೆ ಮುಖ, ಕುತ್ತಿಗೆ ಹಳದಿ ತಿರುಗಿರುತ್ತದೆ. ಹತ್ತು ದಿನ ಮೊದಲು ಟ್ರಯಲ್‌ನಲ್ಲಿ ಒಪ್ಪಿದ ಶೇಡ್ ಅಂದು ಒಪ್ಪದೆ ಹೋಗಬಹುದು, ಅಂದಿನ ದವಡೆಯ ಮೇಲೆ ಮತ್ತೆ ಹಚ್ಚಿ ನೋಡಬೇಕು. ಆ ಮೂರು ಗೆರೆಯ ಶಾಟ್ ತೋರಿಸುವುದು ಇದನ್ನೇ. ಅರಿಶಿಣವನ್ನು ಹೇಳದೆ ಬಿಟ್ಟಿದ್ದರೆ ಮೊದಲಿನ ಮುಖ ಇದ್ದದ್ದಕ್ಕಿಂತ ಸೊರಗಿದಂತೆ ಕಂಡು, ಮೇಕಪ್ಪಿಗೆ ಸಲ್ಲದ ಕೀರ್ತಿ ಬರುತ್ತಿತ್ತು. ಟ್ರಯಲ್ ದಿನದ ಶಾಟನ್ನು ಮದುವೆ ದಿನದ್ದೆಂದು ತೋರಿಸುವುದೂ ಇದೇ ಬಗೆಯ ಕಳ್ಳತನ.

ಇನ್ನೊಂದು "ಅವರ ತಂಗಿ" ಎಂಬ ಮಾತು. ನನ್ನ ಮೊದಲ ಕರಡಿನಲ್ಲಿ "ಐದು ನಿಮಿಷದಾಗ ಟಚಪ್" ಎಂದಿತ್ತು. ಅಕ್ಕಾರು ಓದಿ, "ನೋಡಿದವರು ನಾ ಅಲ್ಲೇ ಇರತೀನಿ ಅನ್ಕೋತಾರಲ್ರಿ" ಅಂದರು. ಅವರು 11:30ಕ್ಕೆ ಇನ್ನೊಂದು ಮನೆಗೆ ಹೊರಟಿದ್ದರು. ಊಟದ ನೆಪದಲ್ಲಿ ಉಳಿದವನು ನಾನು ಮಾತ್ರ. ಸುಳ್ಳು ಹೇಳದೆಯೂ ಸುಳ್ಳಾಗುತ್ತಿದ್ದ ಸಾಲು ಅದು.

6. ಚಿತ್ರೀಕರಣ, ಎಡಿಟ್

ಅಕ್ಕಿಕಾಳು 12:15ಕ್ಕಿತ್ತು. ಮೇಕಪ್ ನಡೆಯುವಾಗ ನನಗೆ ಬೇಕಾದದ್ದು ನಾಲ್ಕು ಹೊತ್ತು ಮಾತ್ರ, ಒಂದೊಂದಕ್ಕೆ ಒಂದೆರಡು ನಿಮಿಷ: ಬರಿ ಮುಖ, ದವಡೆಯ ಗೆರೆ, ದಂಡಿ, ಮುಗಿದ ಮುಖ. ಉಳಿದ ಹೊತ್ತು ಕೋಣೆಯ ಹೊರಗೆ. ಹೆಂಗಸರ ಕೋಣೆಯಲ್ಲಿ ಸೀರೆಯ ಶಾಟನ್ನು ಅಕ್ಕಾರ ಸಹಾಯಕಿಯೇ ತೆಗೆದಳು, ನಿರಿಗೆ ಮಾತ್ರ ಕಾಣುವಂತೆ. ಸಂಜೆಯವರೆಗೆ ಒಂದೇ ಫೋನ್ ಬಳಸಿ, ಫೋನ್ ಬದಲಾದರೆ ಚರ್ಮದ ಬಣ್ಣವೂ ಬದಲಾಗುತ್ತದೆ.

ಬೆವರಿನ ಮೇಲೆ ಪೌಡರ್ ಹಾಕಿದರೆ ಗಂಟುಗಟ್ಟುತ್ತದೆ, ಅದಕ್ಕೇ ಪೌಚಿನಲ್ಲಿ ಪೌಡರ್ ಇಲ್ಲ. ಟಿಶ್ಯೂವನ್ನು ಉಜ್ಜಬಾರದು, ಒತ್ತಬೇಕು. ಇದನ್ನು ತಂಗಿಗೆ ಮುಂಚೆಯೇ ತೋರಿಸಿದ್ದೆವು, ಶಾಟಿನಲ್ಲಿ ಅವಳ ಕೈ ಸರಿಯಾಗಿ ಬಂದದ್ದು ಅದರಿಂದ. ದಂಡಿಯ ಕೆಳಗೆ ಹಣೆಯ ಅಂಚಿನಲ್ಲಿ ಮೇಕಪ್ ಸ್ವಲ್ಪ ಕರಗಿತ್ತು. ಅದನ್ನು ಕತ್ತರಿಸೋಣವೇ ಎಂದು ಅಕ್ಕಾರು ಕೇಳಿದರು. ಉಳಿಸಿದೆವು.

ಎಡಿಟಿನಲ್ಲಿ ಒಂದೇ ಕಟ್ಟುಪಾಡು: ಬೆಳಕು, ಬಣ್ಣ ತಿದ್ದಿದರೆ ಎಲ್ಲ ಮುಖದ ಶಾಟಿಗೂ ಒಂದೇ ಅಳತೆ. 10:50ರ ಶಾಟನ್ನು ಮಾತ್ರ ಬೆಳಗಿಸಿದರೆ ಮಾಡಿದ್ದೆಲ್ಲ ವ್ಯರ್ಥ. ಬರಹವನ್ನು ಪರದೆಯ ಕೆಳಭಾಗಕ್ಕೆ ಒಯ್ಯಬೇಡಿ, ಅಲ್ಲಿ ಖಾತೆಯ ಹೆಸರು, ಕ್ಯಾಪ್ಶನ್ ಬಂದು ಮುಚ್ಚುತ್ತವೆ. ಸಿನಿಮಾ ಹಾಡು ಬೇಡ. ವ್ಯಾಪಾರದ ಖಾತೆಗೆ ಬಹಳಷ್ಟು ಹಾಡು ಸಿಗುವುದೂ ಇಲ್ಲ, ಅಕ್ಕಾರ ದನಿ ಮತ್ತು ಬಳೆ ಸದ್ದು ಸಾಕು.

7. ಹಾಕಿದ ಮೇಲೆ

ಕ್ಯಾಪ್ಶನ್ನಿನಲ್ಲಿ ದರ, ಒಳಗೊಂಡದ್ದು, ಒಳಗೊಳ್ಳದ್ದು, ಯಾವ ತಿಂಗಳಿನವರೆಗೆ ಈ ದರ ಎಂಬುದನ್ನು ಬರೆದೆವು. "ದರಕ್ಕೆ ಮೆಸೇಜ್ ಮಾಡಿ" ಎಂದು ಬರೆಯಲಿಲ್ಲ. ಅಲರ್ಜಿ ಇರುವವರು ಟ್ರಯಲ್ ದಿನವೇ ಹೇಳಿರಿ, ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಒಂದು ದಿನ ನೋಡುತ್ತೇವೆ ಎಂಬ ಸಾಲೂ ಇತ್ತು.

ಮೊದಲ ದಿನ ಒಬ್ಬಾಕೆ ಕೇಳಿದಳು: "ನನ್ನ ಮಾರಿಗೂ ಹಿಂಗೇ ಆಗತೈತೇನ್ರಿ ಅಕ್ಕಾರ? ಮೊಡವಿ ಭಾಳ ಅದಾವ." ಇಂಥದ್ದಕ್ಕೆ "ಖಂಡಿತ" ಎಂದು ಹೂವಿನ ಚಿತ್ರ ಹಾಕುವುದು ರೂಢಿ. ಅಕ್ಕಾರು ನನ್ನನ್ನು ಕೇಳದೆ ತಾವೇ ಉತ್ತರ ಬರೆದಿದ್ದರು: "ಕೆಂಪು ಮುಚ್ಚತೈತಿ ತಂಗಿ, ಉಬ್ಬು ಮುಚ್ಚಂಗಿಲ್ಲ. ಕೀವು ಇದ್ರ ಮೊದಲ ಚರ್ಮದ ಡಾಕ್ಟರ್‌ಗೆ ತೋರಸು. ಟ್ರಯಲ್‌ಗೆ ಬಾ, ಕಿಟಕಿ ಮುಂದ ಕುಂತು ನೋಡೂಣು." ಆ ಕಮೆಂಟನ್ನು ಮೇಲೆ ಪಿನ್ ಮಾಡಿಸಿದೆ.